ಇಳಿದು ಶುರುವಾಗಿ ಹತ್ತಿ ಮುಗಿಯುವ ರಸ್ತೆಯಲ್ಲಿ 2:15ರ ಬಸ್: ಕೊಡಗಿನ ಒಂದು ಹಾಫ್ ಮ್ಯಾರಥಾನ್ ಪ್ರಕರಣ

ಮಡಿಕೇರಿ ಕಡೆಯ ಒಂದು ಹಾಫ್ ಮ್ಯಾರಥಾನ್‌ನಲ್ಲಿ ನಾನು 2 ಗಂಟೆ 15 ನಿಮಿಷದ ಗುಂಪಿಗೆ ಪೇಸರ್ ಆಗಿದ್ದೆ, ಅಂದರೆ ಆ ಸಮಯಕ್ಕೆ ಓಟ ಮುಗಿಯುವ ಹಾಗೆ ಗುಂಪನ್ನು ಕರೆದುಕೊಂಡು ಹೋಗುವವನು. ಓಡುವವರ ಬಾಯಲ್ಲಿ ಇದು 2:15ರ ಬಸ್. ಬೆನ್ನಿಗೆ ಬಾವುಟ ಕಟ್ಟಿಕೊಂಡವರು ಡ್ರೈವರ್, ಹಿಂದೆ ಬರುವವರು ಪ್ಯಾಸೆಂಜರ್. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಈ ಕೆಲಸ ಸುಲಭ. 21.1 ಕಿಲೋಮೀಟರನ್ನು 135 ನಿಮಿಷಕ್ಕೆ ಹಂಚಿದರೆ ಕಿಲೋಮೀಟರಿಗೆ 6 ನಿಮಿಷ 24 ಸೆಕೆಂಡ್, ಅಂದರೆ 6:24ರ ಪೇಸ್ ಬರುತ್ತದೆ. ವಾಚ್ ನೋಡಿಕೊಂಡು ಅದನ್ನೇ ಹಿಡಿದುಕೊಂಡು ಹೋದರೆ ಆಯ್ತು. ಕೊಡಗಿನ ರಸ್ತೆಯಲ್ಲಿ ಅದೇ 6:24 ಹಿಡಿದು ಹೊರಟರೆ ಅರ್ಧ ಗುಂಪು ಕೊನೆಯ ಏರಿನಲ್ಲಿ ನಡೆಯುತ್ತದೆ. ಯಾಕೆ ಅನ್ನೋದನ್ನು ಈ ಒಂದು ಓಟದ ಲೆಕ್ಕ ಇಟ್ಟುಕೊಂಡೇ ಹೇಳುತ್ತೇನೆ.

ಮೊದಲು ರಸ್ತೆ ಹೇಗಿತ್ತು ನೋಡೋಣ. ಹೋದ ದಾರಿಯಲ್ಲೇ ವಾಪಸ್ ಬರುವ ಓಟ. ಶುರುವಾದ ಕೂಡಲೇ 3 ಕಿಲೋಮೀಟರ್ ಇಳಿಜಾರು, ಒಟ್ಟು 90 ಮೀಟರ್ ಇಳಿತ. ಆಮೇಲೆ ತೋಟಗಳ ನಡುವೆ 7ನೇ ಕಿಲೋಮೀಟರ್ ತನಕ ಹೆಚ್ಚುಕಮ್ಮಿ ಸಮತಟ್ಟು. 7ರಿಂದ 9ರವರೆಗೆ ಜೋರು ಏರು, 2 ಕಿಲೋಮೀಟರಿನಲ್ಲಿ 80 ಮೀಟರ್. ಅಲ್ಲಿಂದ ಯೂ-ಟರ್ನ್ ತನಕ ಮತ್ತೆ ಸಮತಟ್ಟು. ಬರುವಾಗ ಎಲ್ಲ ತಿರುಗಾಮುರುಗಾ: ಹತ್ತಿದ್ದನ್ನು 12ರಿಂದ 14ರ ನಡುವೆ ಇಳಿಯಬೇಕು, ಮೊದಲು ಇಳಿದ 3 ಕಿಲೋಮೀಟರನ್ನು ಕೊನೆಗೆ ಹತ್ತಬೇಕು. ಅಂದರೆ ಕಾಲು ಹೊಸದಾಗಿರುವಾಗ ರಸ್ತೆ ಕೆಳಗೆ ಎಳೆಯುತ್ತದೆ, ಕಾಲು ಸೋತ ಮೇಲೆ ರಸ್ತೆ ಮೇಲೇಳುತ್ತದೆ. ಪೇಸರ್‌ಗೆ ಇದಕ್ಕಿಂತ ಕಷ್ಟದ ರಸ್ತೆ ಅಪರೂಪ.

ಹತ್ತಿದಷ್ಟೇ ಇಳಿಯುತ್ತೇವಲ್ಲ, ಸರಿಹೋಗುತ್ತೆ ಅಂತ ಅನ್ನಿಸುವುದು ಸಹಜ. ಸರಿಹೋಗುವುದಿಲ್ಲ. 2002ರಲ್ಲಿ ಆಲ್ಬರ್ಟೊ ಮಿನೆಟ್ಟಿ ಮತ್ತು ಅವರ ಜೊತೆಗಾರರು ಬೆಟ್ಟದ ಓಟಗಾರರನ್ನು ಟ್ರೆಡ್‌ಮಿಲ್ ಮೇಲೆ ಬೇರೆ ಬೇರೆ ಇಳಿಜಾರಿನಲ್ಲಿ ಓಡಿಸಿ, ಎಷ್ಟು ಶಕ್ತಿ ಖರ್ಚಾಗುತ್ತದೆ ಎಂದು ಅಳೆದರು. ಅವರ ಸೂತ್ರದ ಪ್ರಕಾರ 100 ಮೀಟರಿಗೆ 4 ಮೀಟರ್ ಏರುವ ರಸ್ತೆಯಲ್ಲಿ ಖರ್ಚು ಸಮತಟ್ಟಿಗಿಂತ ಸುಮಾರು 24 ಶೇಕಡಾ ಜಾಸ್ತಿ. ಅಷ್ಟೇ ಇಳಿಯುವಾಗ ಉಳಿಯುವುದು ಸುಮಾರು 20 ಶೇಕಡಾ. ಇಲ್ಲೇ ಒಂದಿಷ್ಟು ನಷ್ಟ ಆಯ್ತು. ಆದರೆ ನಿಜವಾದ ನಷ್ಟ ಇನ್ನೂ ದೊಡ್ಡದು. ಇಳಿಜಾರು ಕೊಡುವ ಆ ಲಾಭವನ್ನು ನಮ್ಮಂಥವರಿಗೆ ಪೂರ್ತಿ ತೆಗೆದುಕೊಳ್ಳಲು ಆಗುವುದೇ ಇಲ್ಲ. ಅಷ್ಟು ಜೋರಾಗಿ ಇಳಿದರೆ ತೊಡೆ ತಡೆಯುವುದಿಲ್ಲ. ಹಾಗಾಗಿ ಏರಿನಲ್ಲಿ ಕಳೆದುಕೊಂಡ ಸಮಯದಲ್ಲಿ ಅರ್ಧದಷ್ಟು ವಾಪಸ್ ಸಿಕ್ಕರೆ ಅದೇ ಹೆಚ್ಚು.

ಉಳಿದ ಅರ್ಧವನ್ನು ಎಲ್ಲಿಂದ ತರುವುದು? ಸಮತಟ್ಟಿನಿಂದಲೇ ತರಬೇಕು. ಹೀಗೆ ಲೆಕ್ಕ ಹಾಕಿದಾಗ ಸಮತಟ್ಟಿನ ಪೇಸ್ 6:24 ಅಲ್ಲ, 6:13 ಬಂತು. ಮೊದಲ ಇಳಿಜಾರಿಗೆ 6:00 ಇಟ್ಟೆ. ನಡುವಿನ ಜೋರು ಏರಿಗೆ 7:30, ಅದನ್ನು ಇಳಿಯುವಾಗ 5:40, ಕೊನೆಯ ಏರಿಗೆ 7:05. ಎಲ್ಲ ಕೂಡಿಸಿದರೆ 2 ಗಂಟೆ 14 ನಿಮಿಷ 35 ಸೆಕೆಂಡ್. ನೀರಿನ ಸ್ಟಾಲ್ ಹತ್ತಿರ ನಿಧಾನ ಮಾಡುವ ಸಮಯವೂ ಇದರಲ್ಲೇ ಸೇರಿದೆ.

ಇದರಿಂದ ಇನ್ನೊಂದು ಮಾತೂ ಹೊರಟಿತು. 6:13ರಲ್ಲಿ ಪೂರ್ತಿ ಸಮತಟ್ಟು ಓಡಿದರೆ ಅದು 2 ಗಂಟೆ 11 ನಿಮಿಷದ ಹಾಫ್. ಅಂದರೆ ಈ ರಸ್ತೆಯ 2:15, ಮೈಸೂರಿನ 2:11ಕ್ಕೆ ಸಮ. ಮೈಸೂರಿನಲ್ಲಿ ಕಷ್ಟಪಟ್ಟು 2:15 ಮಾಡಿದವರು ಈ ಬಾವುಟದ ಹಿಂದೆ ನಿಂತರೆ ಅವರಿಗೆ ತೊಂದರೆ. ಓಟ ಶುರುವಾಗುವ ಮೊದಲೇ ಇದನ್ನು ಹೇಳಬೇಕು, ಬಾಯಿಬಿಟ್ಟು ಹೇಳಬೇಕು. ನಾನು ಹೇಳಿದಾಗ ಮೂರು ಜನ ತಲೆಯಾಡಿಸಿ ಹಿಂದಿನ 2:20ರ ಗುಂಪಿಗೆ ಹೋದರು. ಅವರಿಗೆ ಬೇಜಾರಾಗಿರಬಹುದು, ಆದರೆ ಆ ಹೊತ್ತಿನಲ್ಲಿ ಪೇಸರ್ ಮಾಡಬಹುದಾದ ದೊಡ್ಡ ಉಪಕಾರ ಅದೇ.

ಕೈಗೆ ಒಂದು ಪಟ್ಟಿ ಅಂಟಿಸಿಕೊಂಡಿದ್ದೆ. ಪ್ರತಿ ಕಿಲೋಮೀಟರಿನ ಪೇಸ್ ಅದರಲ್ಲಿ ಇರಲಿಲ್ಲ. ರಸ್ತೆ ಬದಿಯ ಯಾವ ಕಿಲೋಮೀಟರ್ ಬೋರ್ಡ್ ಹತ್ತಿರ ಒಟ್ಟು ಎಷ್ಟು ಸಮಯ ಆಗಿರಬೇಕು ಅನ್ನೋದು ಮಾತ್ರ ಇತ್ತು:

3 ಕಿ.ಮೀ. – 18:00
7 ಕಿ.ಮೀ. – 42:50
9 ಕಿ.ಮೀ. – 57:50
ಯೂ-ಟರ್ನ್ – 1:07:30
14 ಕಿ.ಮೀ. – 1:27:55
18 ಕಿ.ಮೀ. – 1:52:45
ಕೊನೆ – 2:14:35

ಈ ಪಟ್ಟಿಯನ್ನು ಸರಾಸರಿ 6:24ರ ಜೊತೆ ಹೋಲಿಸಿ ನೋಡಿ. 9ನೇ ಕಿಲೋಮೀಟರಿನಲ್ಲಿ ಸರಾಸರಿಗಿಂತ ನಾವು ಸ್ವಲ್ಪ ಹಿಂದೆ ಇರಬೇಕು. 18ನೇ ಕಿಲೋಮೀಟರಿನಲ್ಲಿ ಸುಮಾರು ಎರಡೂವರೆ ನಿಮಿಷ ಮುಂದೆ ಇರಬೇಕು. ಸರಾಸರಿಯನ್ನೇ ನಂಬಿದವರು 9ರಲ್ಲಿ ಗಾಬರಿಯಾಗಿ ಜೋರು ಮಾಡುತ್ತಾರೆ, 18ರಲ್ಲಿ ಸಮಯ ಬೇಕಾದಷ್ಟಿದೆ ಅಂತ ಸಡಿಲ ಬಿಡುತ್ತಾರೆ. ಎರಡೂ ತಪ್ಪು ಜಾಗಗಳೇ. ಆ ಎರಡೂವರೆ ನಿಮಿಷ ಉಳಿತಾಯ ಅಲ್ಲ, ಕೊನೆಯ ಏರಿಗೆ ಮೊದಲೇ ಎತ್ತಿಟ್ಟ ದುಡ್ಡು.

ಬೋರ್ಡನ್ನೇ ಯಾಕೆ ನಂಬಬೇಕು, ವಾಚ್ ಯಾಕೆ ಬೇಡ ಅನ್ನೋದಕ್ಕೂ ಕಾರಣ ಇದೆ. ನಮ್ಮ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್, ಹಲಸು, ಅತ್ತಿ ಎಲ್ಲ ಸೇರಿ ಆಕಾಶವನ್ನೇ ಮುಚ್ಚಿರುತ್ತವೆ. ಅದರ ಕೆಳಗೆ ಜಿಪಿಎಸ್ ತಡವರಿಸುತ್ತದೆ, ಆ ಕ್ಷಣದ ಪೇಸ್ ಅಂತ ವಾಚ್ ತೋರಿಸುವುದು 5:40ರಿಂದ 7:00ಕ್ಕೆ ಸುಮ್ನೆ ಜಿಗಿಯುತ್ತಿರುತ್ತದೆ. ಜೊತೆಗೆ ತಿರುವುಗಳು. ಓಟದ ದೂರವನ್ನು ಅಳೆಯುವುದು ತಿರುವಿನ ಒಳಬದಿ ಹಿಡಿದು, ಅತಿ ಹತ್ತಿರದ ದಾರಿಯಲ್ಲಿ. ವಾಹನ ಓಡಾಡುವ ರಸ್ತೆಯಲ್ಲಿ ನಾವು ಎಡಬದಿ ಬಿಟ್ಟು ಆ ದಾರಿ ಹಿಡಿಯುವ ಹಾಗಿಲ್ಲ. ತೋಟದ ಕೆಲಸದವರನ್ನು ತುಂಬಿಕೊಂಡು ಬರುವ ಜೀಪು ಯಾವ ತಿರುವಿನಿಂದ ಬೇಕಾದರೂ ಎದುರಾಗಬಹುದು. ಹಾಗಾಗಿ ಎಲ್ಲರೂ ಅಳತೆಗಿಂತ ನೂರಿನ್ನೂರು ಮೀಟರ್ ಜಾಸ್ತಿಯೇ ಓಡುತ್ತಾರೆ. ವಾಚಿನ ಸರಾಸರಿ 6:24 ತೋರಿಸುತ್ತಿದ್ದರೂ ಕೊನೆಯಲ್ಲಿ ಸಮಯ ದಾಖಲಿಸುವ ಮ್ಯಾಟ್ ದಾಟುವಾಗ ಒಂದು ನಿಮಿಷ ತಡವಾಗಿರುತ್ತದೆ. ಬೋರ್ಡ್ ಮತ್ತು ಸ್ಟಾಪ್‌ವಾಚ್ ಇಟ್ಟುಕೊಂಡರೆ ಆ ಹೆಚ್ಚಿನ ದೂರ ತಾನಾಗಿಯೇ ಲೆಕ್ಕಕ್ಕೆ ಬರುತ್ತದೆ.

ಗುಂಪಿನಲ್ಲಿ ಹದಿನಾಲ್ಕು ಜನ ಇದ್ದರು. ವಿರಾಜಪೇಟೆಯ ಒಬ್ಬರು ಟೀಚರ್, ಸೋಮವಾರಪೇಟೆ ಕಡೆಯ ಐವತ್ತು ದಾಟಿದ ಪ್ಲಾಂಟರ್ ಒಬ್ಬರು, ಮೈಸೂರಿನಿಂದ ಬಂದ ಬ್ಯಾಂಕಿನವರು, ಬೆಂಗಳೂರಿನ ಇಬ್ಬರು ಹುಡುಗರು, ಇನ್ನೂ ಹಲವರು. ನನ್ನ ಸಮಯ ನಾನು ಹಾಕಿಕೊಂಡ ಚಿಪ್‌ನ ಲೆಕ್ಕ, ನಾನು ಶುರುವಿನ ಮ್ಯಾಟ್ ದಾಟಿದಾಗಿನಿಂದ ಎಣಿಕೆ ಅಂತ ಮೊದಲೇ ಹೇಳಿದೆ. ನನಗಿಂತ ಅರ್ಧ ನಿಮಿಷ ಮುಂಚೆ ದಾಟಿದವರು ನನ್ನ ಜೊತೆ ಮುಗಿಸಿದರೆ ಅವರ ಸಮಯ 2:15 ಮೀರುತ್ತದೆ. ಇದು ಗೊತ್ತಿಲ್ಲದೆ ಕೊನೆಗೆ ಜಗಳಕ್ಕೆ ಬರುವವರೂ ಇದ್ದಾರೆ.

ಓಟ ಶುರುವಾಯಿತು. ಮಂಜು ಇತ್ತು, ಚಳಿ ಇತ್ತು, ರಸ್ತೆ ಕೆಳಗೆ ಜಾರುತ್ತಿತ್ತು. ಎರಡೂ ಬದಿಯಿಂದ ಜನ ನಮ್ಮನ್ನು ದಾಟಿ ಹೋಗುತ್ತಿದ್ದರು. 2:20ರ ಬಾವುಟದ ಹತ್ತಿರ ನಿಂತಿದ್ದವರೂ ದಾಟಿದರು. ಬೆಂಗಳೂರಿನ ಹುಡುಗರಲ್ಲಿ ಒಬ್ಬ ಪಕ್ಕಕ್ಕೆ ಬಂದು, “ಅಣ್ಣಾ, ಇದು ತುಂಬಾ ಸ್ಲೋ ಅಲ್ವಾ? ಏದುಸಿರೇ ಬರ್ತಿಲ್ಲ ನಂಗೆ, ಅಷ್ಟು ಆರಾಮಾಗಿದೆ,” ಎಂದ.

“ಉಸಿರು ಕೇಳ್ಬೇಡಪ್ಪ, ಕಾಲಿನ ಸದ್ದು ಕೇಳು,” ಎಂದೆ.

ಅವನು ನಕ್ಕು, ಗೆಳೆಯನನ್ನೂ ಕರೆದುಕೊಂಡು ಮುಂದೆ ಹೋದ. 3ನೇ ಬೋರ್ಡಿನ ಹತ್ತಿರ ಅವರು ನಮಗಿಂತ ಒಂದೂವರೆ ನಿಮಿಷ ಮುಂದಿದ್ದರು.

ಈ ಹುಡುಗ ಹೇಳಿದ್ದರಲ್ಲಿ ಸುಳ್ಳಿಲ್ಲ. ಅಂಥ ಇಳಿಜಾರಿನಲ್ಲಿ 5:30ರ ಪೇಸಿಗೂ ಉಸಿರು ಏರುವುದಿಲ್ಲ. ಶಕ್ತಿಯ ಲೆಕ್ಕದಲ್ಲಿ ಅದು ಸಮತಟ್ಟಿನ 6:13ಕ್ಕಿಂತ ಹಗುರವೇ. ಪೆಟ್ಟು ಬೀಳುವುದು ಬೇರೆ ಕಡೆ. ಇಳಿಯುವಾಗ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು, ಹಿಗ್ಗುತ್ತಲೇ ಮೈಯ ಭಾರವನ್ನು ತಡೆಯಬೇಕು. ಸ್ನಾಯುವಿನ ಎಳೆಗಳಿಗೆ ಹೆಚ್ಚು ಗಾಯ ಮಾಡುವುದು ಇಂಥ ಕೆಲಸವೇ. ಆಗ ಏನೂ ಗೊತ್ತಾಗುವುದಿಲ್ಲ. ಗಂಟೆ ಕಳೆದ ಮೇಲೆ, ಎರಡನೇ ಇಳಿಜಾರಿನಲ್ಲೋ ಕೊನೆಯ ಏರಿನಲ್ಲೋ, ತೊಡೆ ನಡುಗುತ್ತದೆ. ಅದಕ್ಕೇ ನಾನು ಸಮ ಶ್ರಮವನ್ನು ಎರಡು ರೀತಿ ಅಳೆಯುತ್ತೇನೆ: ಹತ್ತುವಾಗ ಉಸಿರಿನಿಂದ, ಇಳಿಯುವಾಗ ಹೆಜ್ಜೆಯಿಂದ. ಹಿಂದಿನಿಂದ ಟಪ್ ಟಪ್ ಅಂತ ಅಂಗಾಲು ಬಡಿಯುವ ಸದ್ದು ಬಂದರೆ ಯಾರೋ ಬ್ರೇಕ್ ಹಾಕುತ್ತಾ ಇಳಿಯುತ್ತಿದ್ದಾರೆ ಅಂತ ಅರ್ಥ. ಆಗ “ಹೆಜ್ಜೆ ಚಿಕ್ಕದು ಮಾಡಿ, ಬೇಗ ಬೇಗ ಇಡಿ” ಅಂತ ಕೂಗುತ್ತೇನೆ. ಕಾಲು ಮೈಗಿಂತ ದೂರ ಮುಂದೆ ಬೀಳಬಾರದು, ಅಷ್ಟೇ. ಅಂಚಿನ ಒದ್ದೆ ಎಲೆ, ಪಾಚಿ ಇರುವ ಕಡೆ ಕಾಲಿಡಬೇಡಿ ಅಂತಲೂ ಹೇಳಬೇಕು, ಮಂಜಿನಲ್ಲಿ ಅದು ಕಾಣುವುದಿಲ್ಲ.

ಇಳಿಜಾರಿನ ಇನ್ನೊಂದು ಅಪಾಯ ಅದು ಮುಗಿದ ಮೇಲೆ ಬರುತ್ತದೆ. ಕಾಲಿಗೆ ಒಂದು ವೇಗ ಅಭ್ಯಾಸವಾಗಿರುತ್ತದೆ, ಸಮತಟ್ಟು ಬಂದರೂ ಅದೇ ವೇಗ ಮುಂದುವರಿಯುತ್ತದೆ. ಈ ಸಲ ನಿಜಕ್ಕೂ ಶ್ರಮ ಏರುತ್ತದೆ, ಆದರೆ ಮೊದಲ ಅರ್ಧ ಗಂಟೆಯ ಹುಮ್ಮಸ್ಸಿನಲ್ಲಿ ಯಾರೂ ಗಮನಿಸುವುದಿಲ್ಲ. ಹಾಗಾಗಿ 3ನೇ ಕಿಲೋಮೀಟರ್ ದಾಟಿದ ಕೂಡಲೇ ನಾನು ಬೇಕಂತಲೇ ಮಾತಿಗೆ ಇಳಿಯುತ್ತೇನೆ. ಟೀಚರಿಗೆ ಶಾಲೆ ಬಗ್ಗೆ ಕೇಳಿದೆ, ಪ್ಲಾಂಟರಿಗೆ ಈ ಸಲ ಕಾಫಿ ಕುಯ್ಲು ಎಲ್ಲಿಗೆ ಬಂತು ಅಂತ ಕೇಳಿದೆ. ಪೂರ್ತಿ ವಾಕ್ಯದಲ್ಲಿ ಉತ್ತರ ಬಂದರೆ ಪೇಸ್ ಸರಿ ಇದೆ. ಪ್ಲಾಂಟರು ಆಳುಗಳ ಸಮಸ್ಯೆ ಬಗ್ಗೆ ಅರ್ಧ ಕಿಲೋಮೀಟರ್ ಮಾತಾಡಿದರು. ಒಳ್ಳೆಯ ಲಕ್ಷಣ. ಮೈಸೂರಿನ ಬ್ಯಾಂಕಿನವರು ಎರಡು ಪದದಲ್ಲಿ ಮುಗಿಸಿದರು. ಅವರ ಮೇಲೆ ಒಂದು ಕಣ್ಣಿಟ್ಟೆ.

7ನೇ ಬೋರ್ಡಿನಲ್ಲಿ 43:00. ಪಟ್ಟಿಗಿಂತ ಹತ್ತು ಸೆಕೆಂಡ್ ಹಿಂದೆ, ಏನೂ ತೊಂದರೆ ಇಲ್ಲ. ಅಲ್ಲಿಂದ ಏರು.

ಏರಿನ ಬುಡದಲ್ಲಿ ಪೇಸರ್ ಮಾಡಬೇಕಾದ್ದು, ಮೊದಲ ಐವತ್ತು ಹೆಜ್ಜೆಯಲ್ಲೇ ನಿಧಾನ ಆಗುವುದು. ಏರು ಕಾಲಿಗೆ ಗೊತ್ತಾಗುವ ಮೊದಲೇ ಆಗಬೇಕು. ಎದೆಬಡಿತ ಏರುವುದಕ್ಕೆ ಒಂದೆರಡು ನಿಮಿಷ ಬೇಕು, ಅಷ್ಟರಲ್ಲಿ ಜೋರಾಗಿ ಹತ್ತಿಬಿಟ್ಟಿರುತ್ತೇವೆ. ವಾಚಿನಲ್ಲಿ ಎದೆಬಡಿತ ನೋಡಿಕೊಂಡು ಹತ್ತುವವರು ಯಾವಾಗಲೂ ತಡವಾಗಿ ಎಚ್ಚರವಾಗುವುದು ಇದಕ್ಕೇ. ನಾನು ಹೆಜ್ಜೆಯ ಲಯ ಹಾಗೇ ಇಟ್ಟು, ಉದ್ದ ಮಾತ್ರ ಕಮ್ಮಿ ಮಾಡಿದೆ. ಕೈ ಸ್ವಲ್ಪ ಕೆಳಗೆ, ಕಣ್ಣು ಹತ್ತು ಮೀಟರ್ ಮುಂದೆ. ಇಲ್ಲಿ ಮಾತು ಮೂರು ನಾಲ್ಕು ಪದಕ್ಕೆ ಇಳಿಯುತ್ತದೆ, ಅದು ಸರಿ. ಒಂದು ಪದವೂ ಬರದಿದ್ದರೆ ಜೋರಾಯಿತು ಅಂತ ತಿಳಿಯಬೇಕು.

ಅರ್ಧ ಏರಿನಲ್ಲಿ ಕಿರಿದಾದ ತಿರುವು, ಎದುರಿನಿಂದ ಜೀಪು. ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಲ್ಲಬೇಕಾಯಿತು. ಆಮೇಲೆ ನೀರಿನ ಸ್ಟಾಲ್. 9ನೇ ಬೋರ್ಡಿಗೆ ಬಂದಾಗ 58:20, ಪಟ್ಟಿಗಿಂತ ಅರ್ಧ ನಿಮಿಷ ಹಿಂದೆ. ಬ್ಯಾಂಕಿನವರು ವಾಚ್ ನೋಡಿ, “ಸರ್, ನಾವು ಮುಕ್ಕಾಲು ನಿಮಿಷ ಹಿಂದೆ ಬಿದ್ದಿದ್ದೀವಿ,” ಎಂದರು. ಅವರದು ಸರಾಸರಿ ಲೆಕ್ಕ. “ಹದಿನೈದು ಸೆಕೆಂಡು ಏರಿಗೆ ಕೊಟ್ಟಿದ್ದು ಸರ್, ಅದು ಲೆಕ್ಕದಲ್ಲೇ ಇದೆ. ಉಳಿದದ್ದನ್ನ 14ರೊಳಗೆ ತರೋಣ,” ಎಂದೆ.

ಸೆಕೆಂಡ್ ವಾಪಸ್ ತರುವುದರಲ್ಲೂ ಒಂದು ಕ್ರಮ ಇದೆ. ಕಳೆದ ಜಾಗದಲ್ಲೇ, ಆ ಕೂಡಲೇ ತರಬಾರದು. ಏರು ಮುಗಿದ ತುದಿಯಲ್ಲಿ ಎಲ್ಲರಿಗೂ ಏದುಸಿರು ಬಂದಿರುತ್ತದೆ. ಅಲ್ಲಿ ಜೋರು ಮಾಡಿದರೆ ಗುಂಪು ಎರಡಾಗಿ ಒಡೆಯುತ್ತದೆ. ನಾನು ಒಂದು ನಿಮಿಷ ಹಾಗೇ ಮೆಲ್ಲಗೆ ಹೋಗಿ, ಹಿಂದಿನವರು ಸೇರಿಕೊಂಡ ಮೇಲೆ 6:13ಕ್ಕೆ ಬಂದೆ. ಯೂ-ಟರ್ನ್ ದಾಟುವಾಗ 1:07:55. ಎದುರು ಬದಿಯಲ್ಲಿ ಬೆಂಗಳೂರಿನ ಹುಡುಗರು ಸಿಕ್ಕಿದರು. ಒಂದೂವರೆ ನಿಮಿಷ ಇದ್ದ ಅಂತರ ಐವತ್ತು ಸೆಕೆಂಡಿಗೆ ಇಳಿದಿತ್ತು. ಒಬ್ಬ ಕೈ ಬೀಸಿದ, ಇನ್ನೊಬ್ಬ ತಲೆ ಎತ್ತಲಿಲ್ಲ. ಮೊದಲ ಏರಿಗೇ ಅವರು ಅಷ್ಟು ಕೊಟ್ಟಿದ್ದರು.

12ರಿಂದ 14ರ ಇಳಿಜಾರಿನಲ್ಲಿ 5:35ರ ಆಸುಪಾಸು ಇಳಿದೆವು. ಇಲ್ಲಿ ಜೋರು ಬಿಡಬಹುದು, ಯಾಕಂದರೆ ಮೊದಲ ಇಳಿಜಾರಿನಲ್ಲಿ ತೊಡೆಯನ್ನು ಕಾಪಾಡಿಕೊಂಡಿದ್ದೇವೆ. ಹೆಜ್ಜೆ ಸದ್ದು ಹಗುರವಾಗಿತ್ತು, ಒಬ್ಬರದು ಬಿಟ್ಟು. ಟೀಚರ ಬಲಗಾಲು ಎಡಗಾಲಿಗಿಂತ ಜೋರಾಗಿ ಬೀಳುತ್ತಿತ್ತು. ಕೇಳಿದೆ. “ಮಂಡಿ ಅಲ್ಲ, ತೊಡೆ ಹಿಡಿದ ಹಾಗಿದೆ,” ಎಂದರು. ಗುಂಪಿನ ಹಿಂಬದಿಗೆ ಬಂದು ತಮ್ಮ ಲಯದಲ್ಲಿ ಇಳಿಯಿರಿ, ಸಮತಟ್ಟಿನಲ್ಲಿ ಸೇರಿಕೊಳ್ಳಿ ಎಂದೆ. 14ರಲ್ಲಿ 1:28:05. ಹತ್ತು ಸೆಕೆಂಡ್ ಮಾತ್ರ ಹಿಂದೆ. ಅವರೂ ಸೇರಿಕೊಂಡರು.

ಆಮೇಲಿನ 4 ಕಿಲೋಮೀಟರ್ ಬಗ್ಗೆ ಹೇಳುವುದು ಹೆಚ್ಚಿಲ್ಲ. 16 ದಾಟಿದ ಮೇಲೆ ಆ ಇಬ್ಬರು ಹುಡುಗರು ಸಿಕ್ಕಿದರು. ಒಬ್ಬ ಬಾವುಟದ ಹಿಂದೆ ಅಂಟಿಕೊಂಡ. ಇನ್ನೊಬ್ಬನಿಗೆ ಆಗಲಿಲ್ಲ.

18ನೇ ಬೋರ್ಡಿನಲ್ಲಿ 1:53:00. ವಾಚಿನ ಸರಾಸರಿ ನೋಡಿದವರಿಗೆ ಎರಡು ನಿಮಿಷಕ್ಕಿಂತ ಜಾಸ್ತಿ ಮುಂದಿದ್ದೇವೆ ಅನ್ನಿಸಿತ್ತು, ಎರಡು ಮೂರು ಮುಖ ಅರಳಿತ್ತು. ನಿಜ ಹೇಳಬೇಕಾದ ಜಾಗ ಇದೇ. ಪಟ್ಟಿಗಿಂತ ನಾವು ಹದಿನೈದು ಸೆಕೆಂಡ್ ಹಿಂದಿದ್ದೆವು. ಉಳಿದ 22 ನಿಮಿಷದಲ್ಲಿ 3.1 ಕಿಲೋಮೀಟರ್, ಬಹುಪಾಲು ಏರು. “ಇನ್ನು 7:05ರಲ್ಲಿ ಹತ್ತಬೇಕು. ಅಷ್ಟು ಹತ್ತಿದರೆ ಸರಿಯಾಗಿ ಸಿಗುತ್ತೆ, ಕೈಯಲ್ಲಿ ಜಾಸ್ತಿ ಏನೂ ಇಲ್ಲ. ಉಸಿರು ಇರುವವರು ನನ್ನನ್ನು ದಾಟಿ ಹೋಗಬಹುದು,” ಎಂದು ಜೋರಾಗಿ ಹೇಳಿದೆ. ಪ್ಲಾಂಟರು ಒಂದು ಮಾತೂ ಆಡದೆ ಹೊರಟೇಬಿಟ್ಟರು. ಇನ್ನಿಬ್ಬರು ಅವರ ಹಿಂದೆ ಹೋದರು. ಹೀಗೆ ಬಿಟ್ಟುಕೊಡುವುದು ಪೇಸರ್ ಕೆಲಸದ ಭಾಗವೇ. ಅಲ್ಲಿಯ ತನಕ ಅವರನ್ನು ಹಿಡಿದಿಟ್ಟುಕೊಂಡದ್ದು ಇದಕ್ಕಾಗಿಯೇ.

ಏರು ಒಂದೇ ಸಮ ಇರಲಿಲ್ಲ. ಮೊದಲ ಕಿಲೋಮೀಟರ್ 6:58ಕ್ಕೆ ಆಯಿತು. ಎರಡನೆಯದು ಕಡಿದಾಗಿತ್ತು, ಅಲ್ಲಿ 7:18 ಬಿಟ್ಟೆ. 7:05ಕ್ಕೇ ಜೋತುಬಿದ್ದಿದ್ದರೆ ಆ ತಿರುವಿನಲ್ಲೇ ನಾಲ್ಕೈದು ಜನ ನಡೆಯುತ್ತಿದ್ದರು. ಟೀಚರು ಅಲ್ಲಿಯೇ ಹಿಂದೆ ಬಿದ್ದರು. ತಿರುಗಿ ನೋಡಿದೆ. ಅವರು ಕೈಯಲ್ಲೇ ಹೋಗಿ ಅಂತ ಸನ್ನೆ ಮಾಡಿದರು. ನಿಲ್ಲಬೇಕು ಅನ್ನಿಸುತ್ತದೆ, ನಿಲ್ಲುವ ಹಾಗಿಲ್ಲ. ಬಾವುಟದ ಮೇಲೆ ಬರೆದಿರುವುದು ಒಂದು ಸಮಯ, ಅದನ್ನು ನಂಬಿಕೊಂಡು ಹಿಂದೆ ಇನ್ನೂ ಏಳು ಜನ ಇದ್ದರು. ಮೂರನೆಯ ಕಿಲೋಮೀಟರ್ 6:54. ಕೊನೆಯ ನೂರು ಮೀಟರಿನಲ್ಲಿ ನಾನು ಬದಿಗೆ ಸರಿದು, ಉಳಿದವರನ್ನು ಮುಂದೆ ಬಿಟ್ಟು ದಾಟಿದೆ. 2:14:48.

ಹದಿನಾಲ್ಕರಲ್ಲಿ ಹತ್ತು ಜನ 2:15ರೊಳಗೆ ಬಂದರು. ಪ್ಲಾಂಟರು 2:13ಕ್ಕೆ ಮುಗಿಸಿದರು. ಟೀಚರು 2:16 ಚಿಲ್ಲರೆ. ಬೆಂಗಳೂರಿನ ಹುಡುಗರಲ್ಲಿ ಬಾವುಟಕ್ಕೆ ಅಂಟಿಕೊಂಡವನು ಬಂದ, ಇನ್ನೊಬ್ಬ ಕೊನೆಯ ಏರನ್ನು ಬಹುಪಾಲು ನಡೆದು 2:21ಕ್ಕೆ ಬಂದ. ಅವನ ಮೊದಲ 3 ಕಿಲೋಮೀಟರ್ ನಮಗಿಂತ ಒಂದೂವರೆ ನಿಮಿಷ ಬೇಗ, ಕೊನೆಯ 3 ಕಿಲೋಮೀಟರ್ ಐದು ನಿಮಿಷ ತಡ.

ಈ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ. 3–4 ಶೇಕಡಾ ಏರು ಇರುವ ಡಾಂಬರು ರಸ್ತೆಗೆ ಇದು ಸರಿ. ತೋಟದೊಳಗಿನ ಮಣ್ಣು ದಾರಿಯಲ್ಲಿ, 10 ಶೇಕಡಾ ದಾಟುವ ಏರಿನಲ್ಲಿ, ಈ ಗುಂಪಿನವರಿಗೆ ಓಡುವುದಕ್ಕೂ ಬಿರುಸಾಗಿ ನಡೆಯುವುದಕ್ಕೂ ಸಮಯದಲ್ಲಿ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಅಲ್ಲಿ ಎಲ್ಲಿಂದ ಎಲ್ಲಿಗೆ ನಡೆಯುತ್ತೇವೆ ಅಂತ ಗುಂಪಿಗೆ ಮೊದಲೇ ಹೇಳಿ, ನಡಿಗೆಯನ್ನೇ ಪಟ್ಟಿಯೊಳಗೆ ಸೇರಿಸಬೇಕು. 2:45, 3:00ರ ಬಸ್ ನಡೆಸುವವರು ಈ ರಸ್ತೆಯ 7ರಿಂದ 9ರ ಏರಿಗೂ ಹಾಗೇ ಮಾಡುವುದು ವಾಸಿ: ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ, ಅದೂ ಏರಿನ ಬುಡದಿಂದಲೇ, ಸುಸ್ತಾಗುವ ತನಕ ಕಾಯದೆ.